ಗೋದಲಿಗೆ ಹಿಮವೇಕೆ?

ಮದ್ದೂರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಗೋದಲಿ ಕೂರುವುದು ಟ್ರಂಕಿನ ಮೇಲೆ. ಈ ಸಲ ತಂಗಿ ಒಂದು ಕಟ್ಟು ಹತ್ತಿ ತಂದು, "ಹಿಮ ಹರಡೋಣ ಕಣಣ್ಣ, ಹುಲ್ಲು ಬರೀ ಕಸ" ಅಂದಳು. ನನಗೆ ರೇಗಿತು. ಮಂಡ್ಯ ಸೀಮೆಯಲ್ಲಿ ಡಿಸೆಂಬರ್ ಅಂದರೆ ಭತ್ತದ ಕೊಯ್ಲು, ಹಿಮವಲ್ಲ.

1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸರು ಗೋದಲಿ ಮಾಡಿಸಿದಾಗ ಬೊಂಬೆಗಳಿರಲಿಲ್ಲ. ಹುಲ್ಲು ತುಂಬಿದ ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ, ಅಷ್ಟೆ. ಕೂಸು ಹುಲ್ಲಿನ ಮೇಲೆ ಮಲಗಿ ಪಟ್ಟ ಕಷ್ಟವನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಹಂಬಲ. ಹುಲ್ಲು ಚುಚ್ಚಬೇಕು. ಹತ್ತಿ ಹಾಸಿದರೆ ಆ ಮಾತೇ ಅಳಿಸಿಹೋಗುತ್ತದೆ.

ತಂಗಿಯ ದೂರು ಪೂರ್ತಿ ಸುಳ್ಳಲ್ಲ. ಹೋದ ವರ್ಷ ಮಳವಳ್ಳಿಯ ಅತ್ತೆಯ ಗದ್ದೆಯಿಂದ ತಂದ ಹಸಿಹುಲ್ಲನ್ನು ಹಾಗೇ ಹಾಸಿದ್ದೆ. ಮೂರನೇ ದಿನ ಮುಗ್ಗಲು ವಾಸನೆ. ನಾಲ್ಕನೇ ದಿನ, ಸುಡದ ಮಣ್ಣಿನ ಕುರುಬನ ಕಾಲು ತೇವ ಹೀರಿ ಕುಸಿಯಿತು. ಅದು ಹುಲ್ಲಿನ ತಪ್ಪಲ್ಲ, ನನ್ನ ಅವಸರ. ಈಗ ಎರಡು ದಿನ ಬಿಸಿಲಿಗೆ ಹರಡಿ, ಒಂದು ಕಡ್ಡಿ ಮುರಿದು ನೋಡುತ್ತೇನೆ. ಚಟ್ಟೆಂದರೆ ಒಣಗಿದೆ, ಬಾಗಿದರೆ ಇನ್ನೂ ಹಸಿ. ಬೊಂಬೆಗಳ ಅಡಿಗೆ ಹಂಚಿನ ಚೂರು. ಬಿದಿರಕಡ್ಡಿಯ ನಕ್ಷತ್ರದೊಳಗೆ ಬಿಸಿಯೇರದ ಎಲ್‌ಇಡಿ, ಅದೂ ಹುಲ್ಲಿಗೆ ತಾಗದಂತೆ.

ಹಸಿರು ಬೇಕಾದರೆ ಹತ್ತು ದಿನ ಮೊದಲೇ ತೆಂಗಿನ ಚಿಪ್ಪಿನಲ್ಲಿ ರಾಗಿ ಚೆಲ್ಲಿದರಾಯಿತು.

24ರ ನಡುರಾತ್ರಿಯವರೆಗೆ ತೊಟ್ಟಿ ಬರಿದು, ಹುಲ್ಲು ಮಾತ್ರ. ತಂಗಿ ಇನ್ನೂ ಮುನಿಸಿಕೊಂಡಿದ್ದಾಳೆ. ಹತ್ತಿ ದಿಂಬಿಗೆ ಸೇರಿತು.