ಹಿಮ್ಮಡಿಯ ಮದ್ದು ಸೋಫಾಕ್ಕಲ್ಲ

ಅಕ್ಕನ ಮನೆಯ ಚರ್ಮದ ಸೋಫಾದ ಕೈ ಈ ವಾರ ನೋಡಿದರೆ ಒಡೆದ ಹಿಮ್ಮಡಿಯಂತಿತ್ತು. ಅದಕ್ಕೂ ಕೊಬ್ಬರಿ ಎಣ್ಣೆ ಹಚ್ಚಲು ಹೊರಟವಳನ್ನು ತಡೆದೆ. ಕಾಲಿನ ಚರ್ಮ ಮತ್ತೆ ಬೆಳೆಯುತ್ತದೆ, ಸೋಫಾದ್ದು ಬೆಳೆಯುವುದಿಲ್ಲ. ಎಣ್ಣೆ ಕಲೆಯಾಗಿ ಉಳಿಯುತ್ತದೆ. ಕೈಯನ್ನು ಕೆಡಿಸಿದ್ದೇ ಬೆವರು ಮತ್ತು ತಲೆಯ ಜಿಡ್ಡು, ಮೊದಲು ಅದು ಹೋಗಬೇಕು. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ಮೃದುವಾದ ಸೋಪು ಬೆರೆಸಿ, ಹತ್ತಿಬಟ್ಟೆಯನ್ನು ಅದ್ದಿ ಚೆನ್ನಾಗಿ ಹಿಂಡಿ, ಉಜ್ಜದೆ ಒರೆಸಿದೆವು. ಸೋಪನ್ನು ಬರಿನೀರಿನ ಬಟ್ಟೆಯಿಂದ ತೆಗೆದು, ರಾತ್ರಿಯಿಡೀ ನೆರಳಲ್ಲಿ ಆರಲು ಬಿಟ್ಟೆವು. ಮರುದಿನ ಲೆದರ್ ಕಂಡೀಷನರನ್ನು ಮರೆಯ ಮೂಲೆಯಲ್ಲಿ ಪರೀಕ್ಷಿಸಿ, ಬಣ್ಣ ಕೆಡಲಿಲ್ಲವೆಂದು ಖಚಿತವಾದ ಮೇಲೆ ತೆಳುವಾಗಿ ಸವರಿದೆವು. ಅರ್ಧ ಗಂಟೆಯಲ್ಲಿ ಹೆಚ್ಚಾದದ್ದನ್ನು ಒರೆಸಿದಾಗ ಕೈ ಮೆತ್ತಗಾಗಿ, ಸಣ್ಣ ಗೆರೆಗಳು ಮಸುಕಾದವು. ಉಗುರು ಸಿಕ್ಕುವಷ್ಟು ಆಳದ ಎರಡು ಬಿರುಕು ಮಾತ್ರ ಹಾಗೇ ಇವೆ. ಅವಕ್ಕೆ ಫಿಲ್ಲರ್ ಬೇಕು.