ಕೂದಲು ಉದುರಿದ್ದು ಏಪ್ರಿಲ್‌ನಲ್ಲಿ, ಕಾರಣ ಇದ್ದದ್ದು ಜನವರಿಯಲ್ಲಿ!

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ನೂರಕ್ಕೆ ಅರವತ್ತು ಕೂದಲಿನದೇ ಗೋಳು. “ಡಾಕ್ಟ್ರೇ, ಹೋದ ವಾರ ಶಾಂಪೂ ಬದಲಾಯಿಸಿದೆ, ಈ ವಾರ ಕೂದಲು ಹಿಡಿಹಿಡಿಯಾಗಿ ಬರ್ತಿದೆ.” “ಹೊಸ ಮನೆಗೆ ಬಂದ್ವಿ, ಬೋರ್‌ವೆಲ್ ನೀರು, ತಲೆ ಬರಿದಾಗ್ತಿದೆ.” ಎಲ್ಲರ ಬೆರಳೂ ನಿನ್ನೆ ಮೊನ್ನೆಯ ಕಡೆಗೇ. ಕೂದಲಿನ ಲೆಕ್ಕ ಮಾತ್ರ ಬೇರೆ ಕ್ಯಾಲೆಂಡರಿನದು. ಸಿನಿಮಾ ಓದುಗರಿಗೆ ಇದನ್ನು ಹೇಳುವುದು ಸುಲಭ. ಶೂಟಿಂಗ್ ಆದ ದಿನವೇ ಚಿತ್ರ ಬಿಡುಗಡೆಯಾಗುತ್ತದೆಯೇ? ಇಲ್ಲ. ಕೂದಲೂ ಹಾಗೆಯೇ. ಪೆಟ್ಟು ಬಿದ್ದದ್ದು ಇವತ್ತಾದರೆ, ಪರದೆಯ ಮೇಲೆ ಕಾಣುವುದು ಎರಡು ಮೂರು ತಿಂಗಳ ನಂತರ.

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿದೆ ಎನ್ನಿ. ಇದರಲ್ಲಿ ನೂರಕ್ಕೆ ಎಂಬತ್ತೈದು ತೊಂಬತ್ತು ಬೆಳೆಯುತ್ತಾ ಇರುತ್ತವೆ. ಉಳಿದವುಗಳಲ್ಲಿ ಬಹುಪಾಲು ವಿಶ್ರಾಂತಿಯಲ್ಲಿ. ವಿಶ್ರಾಂತಿಗೆ ಹೋದ ಕೂದಲು ಕೂಡಲೇ ಬೀಳುವುದಿಲ್ಲ, ಸುಮಾರು ಮೂರು ತಿಂಗಳು ಬೇರಿನಲ್ಲೇ ಕೂತಿರುತ್ತದೆ. ಅದರ ಕೆಳಗೆ ಹೊಸ ಕೂದಲು ಹುಟ್ಟಿ ಬರುವ ಹೊತ್ತಿಗೆ ಹಳೆಯದು ಉದುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಹೋಗುವುದು ಸಹಜ.

ಈಗ ದೇಹಕ್ಕೆ ಒಂದು ದೊಡ್ಡ ಪೆಟ್ಟು ಬಿತ್ತು ಅನ್ನಿ. ಭಾರಿ ಜ್ವರ, ಹೆರಿಗೆ, ಆಪರೇಷನ್, ಇಲ್ಲವೇ ತಿಂಗಳುಗಟ್ಟಲೆ ನಿದ್ದೆ ಕೆಡಿಸಿದ ಚಿಂತೆ. ಬೆಳೆಯುತ್ತಿದ್ದ ಕೂದಲಿನ ಒಂದು ದೊಡ್ಡ ಪಾಲು ಒಟ್ಟಿಗೆ ಕೆಲಸ ನಿಲ್ಲಿಸಿ ವಿಶ್ರಾಂತಿಗೆ ಕೂತುಬಿಡುತ್ತದೆ. ಆಗ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಎರಡು ಮೂರು ತಿಂಗಳಾದ ಮೇಲೆ ಅಷ್ಟೂ ಒಟ್ಟಿಗೆ ಉದುರುತ್ತವೆ. 2020 ಮತ್ತು 2021ರಲ್ಲಿ ಕೋವಿಡ್ ಜ್ವರ ಬಂದು ಹೋದ ಎಷ್ಟೋ ಜನ, ವಾಸಿಯಾಗಿ ಎರಡು ಮೂರು ತಿಂಗಳಾದ ಮೇಲೆ ಬಾಚಣಿಗೆ ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಬಂದದ್ದು ಇದೇ ಕಾರಣಕ್ಕೆ.

ಚಿಂತೆಗೂ ಕೂದಲಿಗೂ ಏನು ಸಂಬಂಧ ಸ್ವಾಮಿ ಅಂತ ಕೇಳುವವರಿದ್ದಾರೆ. 2021ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಇಲಿಗಳ ಮೇಲೆ ಮಾಡಿದ ಕೆಲಸವೊಂದು ಪ್ರಕಟವಾಯಿತು. ಮೂತ್ರಪಿಂಡದ ಮೇಲೆ ಕೂತಿರುವ ಪುಟ್ಟ ಗ್ರಂಥಿಯಿಂದ ಒತ್ತಡದ ಹೊತ್ತಿನಲ್ಲಿ ಒಂದು ರಸ ಹೊರಡುತ್ತದೆ. ಈ ರಸ ಹೆಚ್ಚಾದರೆ ಕೂದಲ ಬೇರಿನ ಮೂಲಕೋಶಗಳು ಏಳದೆ ಮಲಗಿಯೇ ಇರುತ್ತವೆ. ಆ ಗ್ರಂಥಿಯನ್ನು ತೆಗೆದ ಇಲಿಗಳಲ್ಲಿ ಕೂದಲ ವಿಶ್ರಾಂತಿ ಬಹಳ ಚಿಕ್ಕದಾಯಿತು. ಇದು ಇಲಿಯ ಮಾತು, ಮನುಷ್ಯರಿಗೆ ಇದರಿಂದ ಔಷಧಿ ಸಿಕ್ಕಿದೆ ಅಂತ ಅರ್ಥವಲ್ಲ. ದಾರಿ ಯಾವುದು ಎಂಬುದಂತೂ ಗೊತ್ತಾಯಿತು.

ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ, ಹೆಸರು ಬೇಡ. ಹಾಡುಗಳಲ್ಲಿ ಹಿಂದಿನ ಸಾಲಿನಲ್ಲಿ ಕುಣಿಯುವವಳು, ವಯಸ್ಸು 26. ಏಪ್ರಿಲ್ ಮಧ್ಯದಲ್ಲಿ ಒಂದು ಪ್ಲಾಸ್ಟಿಕ್ ಕವರಿನ ತುಂಬ ಉದುರಿದ ಕೂದಲು ತಂದು ಮೇಜಿನ ಮೇಲಿಟ್ಟಳು. “ಸಾರ್, ವಿಗ್ ಅಂಟಿಸೋ ಗಮ್ಮಿಂದಲೇ ಹಿಂಗಾಗಿದೆ. ಮೂರು ಥರ ಎಣ್ಣೆ ಹಾಕ್ದೆ. ನಿಲ್ಲೋದೇ ಇಲ್ಲ” ಅಂದಳು. ಕಣ್ಣಲ್ಲಿ ನೀರು. ಕೂದಲೇ ಅವಳ ಅನ್ನ ತಾನೆ!

“ಅಳಬೇಡಮ್ಮಾ. ಗಮ್ಮಿನ ವಿಷಯ ಆಮೇಲೆ ನೋಡೋಣ. ಜನವರೀಲಿ ಏನಾಯ್ತು ಹೇಳು” ಅಂದೆ.

ಆಕೆ ಬೆಚ್ಚಿದಳು. ಜನವರಿಯಲ್ಲಿ ಆಕೆಯ ತಂದೆಗೆ ಹೃದಯಾಘಾತ. ಹಗಲು ಆಸ್ಪತ್ರೆ, ರಾತ್ರಿ ಶೂಟಿಂಗ್. ಸಾಲ. ಎರಡು ಇಡ್ಲಿ, ಆರೇಳು ಲೋಟ ಕಾಫಿಯಲ್ಲೇ ದಿನ ಕಳೆದಿತ್ತು. ಅದೇ ಜನವರಿಯ ಎರಡನೇ ವಾರ ಮೈಯೆಲ್ಲ ಕೆಂಪು ದದ್ದು ಎದ್ದು ಕೆರೆತ, ಬೆಳಿಗ್ಗೆ ಹೊತ್ತಿಗೆ ಮಾಯ. ಫೆಬ್ರವರಿಯಲ್ಲಿ ಮೊಣಕೈ ಮಡಿಕೆಯಲ್ಲಿ ಚಿಕ್ಕಂದಿನ ಇಸುಬು ಮತ್ತೆ ಕಾಣಿಸಿಕೊಂಡಿತು. ಮಾರ್ಚ್ ಕೊನೆಗೆ ಕೂದಲು. ಆಕೆಗೆ ಇವು ಮೂರು ಬೇರೆ ಬೇರೆ ಕಾಯಿಲೆ. ಮೂರಕ್ಕೂ ಜನವರಿಯ ಪೆಟ್ಟೇ ಕಿಡಿ ಹಚ್ಚಿದ್ದು, ಆದರೆ ಒಂದೊಂದರ ಬಿಡುಗಡೆಯ ದಿನ ಬೇರೆ.

ದದ್ದು, ಅಂದರೆ ಪಿತ್ತದ ಗಂಧೆ, ನಾಟಕ ಕಂಪನಿಯ ಆಟವಿದ್ದ ಹಾಗೆ. ಅವತ್ತಿನದು ಅವತ್ತೇ. ಚರ್ಮದೊಳಗಿನ ಕೆಲವು ಕೋಶಗಳು ಹಿಸ್ಟಮಿನ್ ಎಂಬ ವಸ್ತುವನ್ನು ಚೆಲ್ಲುತ್ತವೆ. ನಿಮಿಷಗಳಲ್ಲಿ ಚರ್ಮ ಉಬ್ಬಿ ಕೆರೆಯುತ್ತದೆ. ಚಿಂತೆ ಅದನ್ನು ಕೆದಕಬಲ್ಲದು, ಹಾಗೆಯೇ ಜ್ವರ, ಕೆಲವು ನೋವಿನ ಮಾತ್ರೆಗಳೂ ಕೆದಕಬಲ್ಲವು. ಇದನ್ನು ಗುರುತಿಸಲು ಒಂದು ಬಾಲ್‌ಪೆನ್ ಸಾಕು. ಎದ್ದ ದದ್ದಿನ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯಿರಿ. ನಾಳೆ ಅದೇ ಹೊತ್ತಿಗೆ ನೋಡಿ. ಗೆರೆಯೊಳಗೆ ಕಲೆಯೂ ಇಲ್ಲದೆ ಚರ್ಮ ಮಾಮೂಲಾಗಿದ್ದು, ಬೇರೆ ಕಡೆ ಹೊಸದು ಎದ್ದಿದ್ದರೆ ಅದು ಪಿತ್ತದ ಗಂಧೆಯೇ. 24 ಗಂಟೆ ದಾಟಿಯೂ ಅಲ್ಲೇ ಕೂತಿದ್ದರೆ, ಉರಿ ನೋವು ಇದ್ದರೆ, ಹೋದ ಮೇಲೆ ಕಪ್ಪು ನೀಲಿ ಕಲೆ ಉಳಿದರೆ, ಅದು ರಕ್ತನಾಳದ ಊತವಿರಬಹುದು, ಡಾಕ್ಟರಿಗೆ ತೋರಿಸಬೇಕು. ದದ್ದಿನ ಜತೆ ನಾಲಿಗೆ ಊದಿಕೊಂಡರೆ, ಗಂಟಲು ಕಟ್ಟಿದರೆ, ಉಸಿರು ಸಿಕ್ಕಿಕೊಂಡರೆ ಪೆನ್ನೂ ಬೇಡ, ಅಂಕಣವೂ ಬೇಡ, ನೇರ ಆಸ್ಪತ್ರೆಗೆ ಓಡಿ.

ಇಸುಬು ಹಳೆಯ ಚಿತ್ರದ ಮರುಬಿಡುಗಡೆ. ಆ ಗುಣ ಚರ್ಮದಲ್ಲಿ ಮೊದಲೇ ಇರುತ್ತದೆ. ನಿದ್ದೆಗೆಟ್ಟ ವಾರಗಳಲ್ಲಿ ಚರ್ಮದ ಮೇಲ್ಪದರ ಒಣಗಿ ಬಿರಿಯುತ್ತದೆ, ಕೆರೆತ ಏಳುತ್ತದೆ, ಕೆರೆದಷ್ಟೂ ಪದರ ಹರಿಯುತ್ತದೆ, ಹರಿದಷ್ಟೂ ಕೆರೆತ. ನಮ್ಮ ಹುಡುಗಿ ಯಾರೋ ಹೇಳಿದರೆಂದು ಅಂಗಡಿಯಿಂದ ಒಂದು ಟ್ಯೂಬು ತಂದಿದ್ದಳು. ಹಚ್ಚಿದರೆ ಎರಡೇ ದಿನಕ್ಕೆ ತಣ್ಣಗೆ, ಬಿಟ್ಟರೆ ಮತ್ತೆ ಬೆಂಕಿ. ಇಂಥ ಟ್ಯೂಬುಗಳಲ್ಲಿ ಕಡು ಸ್ಟಿರಾಯ್ಡ್ ಇರುತ್ತದೆ, ಜತೆಗೆ ಹುಳುಕಡ್ಡಿಗೊಂದು, ಕೀವಿಗೊಂದು ಔಷಧಿ ಬೆರಕೆ. ಸ್ಟಿರಾಯ್ಡ್ ವಿಷವೇನಲ್ಲ. ಇಸುಬಿಗೆ ನಾನೂ ಕೊಡುತ್ತೇನೆ, ಇಂಥ ಜಾಗಕ್ಕೆ, ಇಷ್ಟು ದಿನ ಅಂತ ಲೆಕ್ಕ ಹಾಕಿ. ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಅದು ನಿಜಕ್ಕೂ ಹುಳುಕಡ್ಡಿಯಾಗಿದ್ದರೆ ಕೆಂಪು ಇಳಿದಂತೆ ಕಂಡು ಒಳಗೊಳಗೇ ಹರಡುತ್ತದೆ. ಆಕೆಗೆ ಕಡಿಮೆ ಬಲದ ಮುಲಾಮು ಎರಡು ವಾರಕ್ಕೆ ಮಾತ್ರ ಬರೆದೆ. ಸ್ನಾನವಾದ ಕೂಡಲೇ, ಮೈ ಪೂರ್ತಿ ಒಣಗುವ ಮೊದಲೇ, ಪರಿಮಳವಿಲ್ಲದ ಬಿಳಿ ವ್ಯಾಸಲೀನ್ ಹಚ್ಚು ಅಂದೆ. ಅರ್ಧ ಕೆಲಸ ಈ ವ್ಯಾಸಲೀನಿನದೇ.

ಇನ್ನು ಕೂದಲು. ಸುಮಾರು 60 ಕೂದಲನ್ನು ಬೆರಳಲ್ಲಿ ಹಿಡಿದು, ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದೆ. ಆರಕ್ಕಿಂತ ಹೆಚ್ಚು ಬಂದರೆ ಉದುರುವಿಕೆ ಜೋರಾಗಿದೆ ಎಂದರ್ಥ. ಆಕೆಗೆ 11 ಬಂದವು. ಒಂದೊಂದರ ಬುಡದಲ್ಲೂ ಗುಂಡುಸೂಜಿಯ ತಲೆಯ ಹಾಗೆ ಸಣ್ಣ ಬಿಳಿ ಗಂಟು. ಅದನ್ನು ನೋಡಿ “ಬೇರೇ ಕಿತ್ತು ಬಂತು” ಅಂತ ಎಲ್ಲರೂ ಹೆದರುತ್ತಾರೆ. ಬೇರು ಒಳಗೇ ಇದೆ! ಆ ಬಿಳಿ ಗಂಟು ವಿಶ್ರಾಂತಿ ಮುಗಿಸಿದ ಕೂದಲಿನ ಗುರುತು ಅಷ್ಟೆ. ಗಮ್ಮಿನಿಂದ ತುಂಡಾದ ಕೂದಲಾಗಿದ್ದರೆ ಬುಡದಲ್ಲಿ ಗಂಟು ಇರುತ್ತಿರಲಿಲ್ಲ. ನಾಣ್ಯದಗಲ ನುಣ್ಣಗೆ ಬೋಳಾಗಿದ್ದರೆ, ನಮ್ಮ ಹಳ್ಳಿಗರು ಹುಳ ತಿಂದಿದೆ ಅನ್ನುತ್ತಾರಲ್ಲ, ಅದು ಬೇರೆ ಕಾಯಿಲೆ. ಬೈತಲೆ ಮಾತ್ರ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಅದು ವಂಶದ ಕೊಡುಗೆ. ಈಕೆಗೆ ಎರಡೂ ಇರಲಿಲ್ಲ, ಇಡೀ ತಲೆ ಸಮನಾಗಿ ತೆಳ್ಳಗಾಗಿತ್ತು.

ಹಾಗಂತ ಎಲ್ಲವನ್ನೂ ಚಿಂತೆಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 9.6, ಮೈಯಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಬರೀ 11. ಆಸ್ಪತ್ರೆ ಕಾಯುತ್ತಾ ಊಟ ಬಿಟ್ಟದ್ದೂ, ತಿಂಗಳ ಮುಟ್ಟಿನಲ್ಲಿ ಹೋಗುತ್ತಿದ್ದದ್ದೂ ಸೇರಿ ಬೊಕ್ಕಸ ಖಾಲಿಯಾಗಿತ್ತು. ಕಬ್ಬಿಣದ ಮಾತ್ರೆ ಶುರು ಮಾಡಿ, ಅದನ್ನು ಕಾಫಿಯ ಜತೆ ನುಂಗಬೇಡ ಅಂದೆ, ಕಾಫಿ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಕೂದಲಿಗೆ ಬೇರೆ ಔಷಧಿ ಕೊಡಲಿಲ್ಲ. ಆಕೆಗೆ ಸಮಾಧಾನವಾಗಲಿಲ್ಲ. “ಎಣ್ಣೆ, ಶಾಂಪೂ ಏನೂ ಬರ್ಕೊಡಲ್ವಾ ಸಾರ್?” ಅಂದಳು. ಕ್ಯಾಲೆಂಡರಿನಲ್ಲಿ ಜುಲೈಗೆ ಒಂದು ಗುರುತು, ಸೆಪ್ಟೆಂಬರಿಗೆ ಒಂದು ಗುರುತು ಹಾಕಿಕೊಟ್ಟೆ.

ತಲೆಗೆ ನೀರು ಹಾಕಿಕೊಂಡರೆ ಹೆಚ್ಚು ಉದುರುತ್ತದೆಂದು ಆಕೆ ವಾರಕ್ಕೊಮ್ಮೆ ಮಾತ್ರ ಸ್ನಾನ ಮಾಡುತ್ತಿದ್ದಳು. ಅದು ಬರೀ ಲೆಕ್ಕದ ಮೋಸ. ಏಳು ದಿನ ಉದುರಬೇಕಾದದ್ದು ಜಡೆಯಲ್ಲೇ ಸಿಕ್ಕಿಕೊಂಡು ಒಂದೇ ದಿನ ಬಚ್ಚಲಿಗೆ ಬರುತ್ತದೆ. ಎರಡು ದಿನಕ್ಕೊಮ್ಮೆ ತೊಳೆದರೆ ರಾಶಿ ಚಿಕ್ಕದಾಗಿ ಕಾಣುತ್ತದೆ, ಎದೆಬಡಿತವೂ ಕಡಿಮೆ.

ಜುಲೈಗೆ ಬಂದಾಗ ಎಳೆದರೆ ಮೂರೇ ಕೂದಲು. ಸೆಪ್ಟೆಂಬರಿಗೆ ಹಣೆಯಂಚಿನಲ್ಲಿ ನಾಲ್ಕೈದು ಸೆಂಟಿಮೀಟರ್ ಮರಿಗೂದಲು ನಿಂತಿದ್ದವು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಹಳೆಯ ಜಡೆ ಬರಲು ಇನ್ನೂ ವರ್ಷಗಳೇ ಬೇಕು. ನಿಲ್ಲುವುದು ಬೇಗ, ತುಂಬುವುದು ನಿಧಾನ. ಉದುರುವುದು ಆರು ತಿಂಗಳು ದಾಟಿದರೆ ಮತ್ತೆ ಹುಡುಕಬೇಕು, ಕಬ್ಬಿಣ, ಥೈರಾಯ್ಡ್, ಇಲ್ಲವೇ ಮುಗಿಯದ ಚಿಂತೆ.

ಎಣ್ಣೆ ಮಾರುವವರ ಅದೃಷ್ಟವೂ ಇಲ್ಲೇ ಇದೆ. ಜನ ಎಣ್ಣೆ ಕೊಳ್ಳುವುದು ಉದುರುವುದು ಜೋರಾದಾಗ. ಇಂಥದ್ದು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಕಾಗೆ ಕೂತಿತು, ಕೊಂಬೆ ಮುರಿಯಿತು, ಕಾಗೆಗೆ ಹಾರ ತುರಾಯಿ!

ಕೊನೆಗೆ, ಶಿವಮೊಗ್ಗದ ಓದುಗರೊಬ್ಬರ ಪ್ರಶ್ನೆ: “ತಿರುಪತಿಗೆ ಹೋಗಿ ಮುಡಿ ಕೊಟ್ಟರೆ ಕೂದಲು ದಟ್ಟವಾಗಿ ಬರುತ್ತದೆಯೇ?” ಹರಕೆಯಿದ್ದರೆ ಖಂಡಿತ ಕೊಡಿ. ಕ್ಷೌರದ ಕತ್ತಿ ಚರ್ಮದ ಮೇಲಷ್ಟೇ ಓಡುತ್ತದೆ, ಬೇರಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟಾಗಿ, ದಟ್ಟವಾಗಿ ಕಾಣುತ್ತದೆ, ಅಷ್ಟೆ. ನೀವು ಕಾಗದದಲ್ಲಿ ಮೂರು ತಿಂಗಳ ಹಿಂದೆ ಮಗಳ ಮದುವೆ ಮುರಿದದ್ದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಡಾಕ್ಟರ ಹತ್ತಿರ ಹೋದಾಗ ಮೊದಲು ಆ ಸಾಲನ್ನು ಹೇಳಿ.