ಹತ್ತಿರದ್ದೇ ಮೊದಲು ಎಂಬ ದುಬಾರಿ ಲೆಕ್ಕ

ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಮೂರು ವಾರ ಪಾರ್ಸೆಲ್ ಹಂಚುವ ಕೆಲಸಕ್ಕೆ ಹೋಗಿದ್ದೆ. ಅಮರಗೋಳದ ಎಪಿಎಂಸಿ ಹತ್ತಿರದ ಒಂದು ಗೋದಾಮಿನಿಂದ ಬೆಳಿಗ್ಗೆ ಚೀಲ ತುಂಬಿಕೊಂಡು ಹೊರಡಬೇಕು. ಒಂದು ಪಾರ್ಸೆಲ್‌ಗೆ ಇಷ್ಟು ಎಂದು ದುಡ್ಡು. ಗಾಡಿ ನಮ್ಮದು, ಪೆಟ್ರೋಲ್ ನಮ್ಮದು. ಯಾವ ಮನೆಗೆ ಮೊದಲು, ಯಾವುದಕ್ಕೆ ನಂತರ ಎಂಬುದನ್ನು ಮಾತ್ರ ಮೊಬೈಲ್ ಹೇಳುತ್ತಿತ್ತು. ಅದರ ನಿಯಮ ಎರಡನೇ ದಿನಕ್ಕೇ ಗೊತ್ತಾಯಿತು: ಈಗ ನಿಂತಿರುವ ಜಾಗಕ್ಕೆ ಯಾವುದು ಹತ್ತಿರವೋ ಅದೇ ಮುಂದಿನದು.

ಕೇಳಲು ಇದಕ್ಕಿಂತ ಸರಿಯಾದ ನಿಯಮ ಇಲ್ಲ ಎನಿಸುತ್ತದೆ. ಸಂತೆಗೆ ಹೋದವರೂ ಹೀಗೇ ಮಾಡುತ್ತಾರಲ್ಲವೇ? ಆದರೆ ಆ ವಾರ ಒಂದು ಮಧ್ಯಾಹ್ನ ನಾನು ಹೊರಟ ಗೋದಾಮಿನ ಮುಂದೆಯೇ ಪುನಃ ಪುನಃ ಹಾದುಹೋಗುತ್ತಿದ್ದೆ. ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಹಿರಿಯ ರೈಡರ್ ಒಬ್ಬರು ನಗುತ್ತಾ, "ಏನೋ ತಮ್ಮಾ, ಮತ್ತ ಬಂದಿ? ಇಲ್ಲೇ ಏನರ ಮರತಿಯೇನು?" ಎಂದರು. ನಾನು ಏನನ್ನೂ ಮರೆತಿರಲಿಲ್ಲ. ಮೊಬೈಲ್ ಹೇಳಿದಂತೆ ನಡೆದಿದ್ದೆ ಅಷ್ಟೆ.

ಅವತ್ತಿನ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತೇನೆ. ಅರ್ಥವಾಗಲು ಸುಲಭವಾಗಲಿ ಎಂದು ದೂರಗಳನ್ನು ದುಂಡಗೆ ಮಾಡಿದ್ದೇನೆ. ನಮ್ಮ ಹುಬ್ಬಳ್ಳಿ–ಧಾರವಾಡ ರಸ್ತೆಯನ್ನು ಒಂದು ಉದ್ದನೆಯ ಗೆರೆ ಎಂದುಕೊಳ್ಳಿ. ನಡುವೆ ಅಮರಗೋಳದ ಗೋದಾಮು, ಒಂದು ಕಡೆ ಹುಬ್ಬಳ್ಳಿ, ಇನ್ನೊಂದು ಕಡೆ ಧಾರವಾಡ. ಕೈಯಲ್ಲಿ ನಾಲ್ಕು ಪಾರ್ಸೆಲ್. ಹುಬ್ಬಳ್ಳಿ ಕಡೆ 1 ಕಿ.ಮೀ. ದೂರದ ಶಾಂತಿನಿಕೇತನಕ್ಕೆ ಒಂದು, 5 ಕಿ.ಮೀ. ದೂರದ ವಿದ್ಯಾನಗರಕ್ಕೆ ಇನ್ನೊಂದು. ಧಾರವಾಡ ಕಡೆ ನವನಗರ ದಾಟಿ 2 ಕಿ.ಮೀ. ದೂರಕ್ಕೆ ಒಂದು, 10 ಕಿ.ಮೀ. ದೂರದ ವಿದ್ಯಾಗಿರಿಗೆ ಮತ್ತೊಂದು. ನಾಲ್ಕನ್ನೂ ಕೊಟ್ಟು ಗೋದಾಮಿಗೆ ಮರಳಬೇಕು.

ಹತ್ತಿರದ್ದು ಮೊದಲು ಎಂದು ಹೊರಟರೆ ಮೊದಲು ಶಾಂತಿನಿಕೇತನ, 1 ಕಿ.ಮೀ. ಅಲ್ಲಿಂದ ವಿದ್ಯಾನಗರ 4 ಕಿ.ಮೀ., ನವನಗರದ ಆಚಿನ ಮನೆ 3 ಕಿ.ಮೀ. ಮೂರು ಕಡಿಮೆ, ಆದ್ದರಿಂದ ಹಿಂದಕ್ಕೆ ತಿರುಗಬೇಕು. ಆ ಮನೆಯ ಮುಂದೆ ನಿಂತಾಗ ವಿದ್ಯಾಗಿರಿ 8 ಕಿ.ಮೀ., ವಿದ್ಯಾನಗರ 7 ಕಿ.ಮೀ. ಏಳು ಕಡಿಮೆ, ಮತ್ತೆ ಹುಬ್ಬಳ್ಳಿ ಕಡೆಗೆ. ಕೊನೆಗೆ ಉಳಿದದ್ದು ವಿದ್ಯಾಗಿರಿ ಒಂದೇ, ವಿದ್ಯಾನಗರದಿಂದ ಅಲ್ಲಿಗೆ 15 ಕಿ.ಮೀ. ಅಲ್ಲಿಂದ ಗೋದಾಮಿಗೆ 10. ಕೂಡಿಸಿ: 1, 3, 7, 15, 10. ಒಟ್ಟು 36 ಕಿ.ಮೀ.

ಈಗ ಶಾಲೆಯ ಹುಡುಗನನ್ನು ಕೇಳಿದರೂ ಹೇಳುವ ದಾರಿ ನೋಡಿ. ಹುಬ್ಬಳ್ಳಿ ಕಡೆಯ ಎರಡನ್ನೂ ಮುಗಿಸಿ ಬಾ, ಆಮೇಲೆ ಧಾರವಾಡ ಕಡೆಯ ಎರಡನ್ನೂ ಮುಗಿಸಿ ಬಾ. ಐದು ಹೋಗಿ ಐದು ಬರುವುದು, ಹತ್ತು ಹೋಗಿ ಹತ್ತು ಬರುವುದು. ಒಟ್ಟು 30 ಕಿ.ಮೀ. ಇದಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ, ಏಕೆಂದರೆ ಎರಡೂ ತುದಿಗಳನ್ನು ಮುಟ್ಟಿ ಮರಳಲೇಬೇಕು. ನಾಲ್ಕೇ ಪಾರ್ಸೆಲ್‌ನಲ್ಲಿ 6 ಕಿ.ಮೀ. ಸುಮ್ಮನೆ ಹೋಯಿತು.

ತಪ್ಪು ಎಲ್ಲಿದೆ? ಪ್ರತಿ ಹೆಜ್ಜೆಯಲ್ಲೂ ಮೊಬೈಲ್ ಆರಿಸಿದ್ದು ಆ ಕ್ಷಣಕ್ಕೆ ಕಡಿಮೆಯಾದದ್ದನ್ನೇ. ಆದರೆ ಶಾಂತಿನಿಕೇತನದಲ್ಲಿ 1 ಕಿ.ಮೀ. ಉಳಿಸಿಕೊಂಡಾಗ ಅದು ವಿದ್ಯಾನಗರವನ್ನು ಹಿಂದೆ ಬಿಟ್ಟಿತು. ಬಿಟ್ಟದ್ದು ಎಲ್ಲಿಗೂ ಹೋಗುವುದಿಲ್ಲ, ಸಾಲದಂತೆ ಕಾಯುತ್ತಿರುತ್ತದೆ. ಕೊನೆಯಲ್ಲಿ ಆಯ್ಕೆಯೇ ಇಲ್ಲದಾಗ 15 ಕಿ.ಮೀ. ಕೊಟ್ಟು ತೀರಿಸಬೇಕಾಗುತ್ತದೆ. ನಮ್ಮ ಅಲ್ಗಾರಿದಮ್ ಪಾಠದಲ್ಲಿ ಇಂಥ ವಿಧಾನಕ್ಕೆ ಗ್ರೀಡಿ, ಅಂದರೆ ದುರಾಸೆಯ ವಿಧಾನ ಎಂಬ ಹೆಸರಿದೆ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಪೆಟ್ರೋಲ್ ಬಂಕ್‌ನಲ್ಲಿ.

ಹಾಗಾದರೆ ಎಲ್ಲ ಸಾಧ್ಯತೆಗಳನ್ನೂ ಲೆಕ್ಕ ಹಾಕಿ ಒಳ್ಳೆಯದನ್ನು ಆರಿಸಬಾರದೇ ಎಂದು ಕೇಳಬಹುದು. ನಾಲ್ಕು ಮನೆಗಳಿದ್ದರೆ 24 ಕ್ರಮಗಳು, ಸರಿ. ಹತ್ತು ಮನೆಗಳಾದರೆ 36,28,800. ಇಪ್ಪತ್ತಾದರೆ ಆ ಸಂಖ್ಯೆಗೆ 19 ಅಂಕಿಗಳು. ಒಂದೊಂದಾಗಿ ನೋಡುತ್ತಾ ಕೂತರೆ ಪಾರ್ಸೆಲ್ ತಲುಪುವುದಿಲ್ಲ. ಅದಕ್ಕೇ ಜನ ಹತ್ತಿರದ್ದು ಮೊದಲು ಎಂಬ ಅಡ್ಡದಾರಿಗೆ ಹೋಗುತ್ತಾರೆ. ಅದು ಯಾವಾಗಲೂ ಕೆಟ್ಟದ್ದೇನೂ ಅಲ್ಲ. ನಕ್ಷೆಯ ಮೇಲೆ ಮನಸ್ಸಿಗೆ ಬಂದಂತೆ ಚೆಲ್ಲಿದ ಚುಕ್ಕಿಗಳ ಮೇಲೆ ಪ್ರಯೋಗ ಮಾಡಿದವರು, ಅದು ಕೊಡುವ ದಾರಿ ಸರಾಸರಿಯಲ್ಲಿ ಅತಿ ಚಿಕ್ಕ ದಾರಿಗಿಂತ ಸುಮಾರು ಕಾಲು ಭಾಗ ಉದ್ದ ಎಂದು ಕಂಡಿದ್ದಾರೆ. ಆದರೆ ಅದನ್ನು ಅಲ್ಲಿಗೇ ಬಿಡಬೇಕಿಲ್ಲ ಎಂಬುದೇ ನನ್ನ ವಾದ.

1958ರಲ್ಲಿ ಕ್ರೋಸ್ ಎಂಬುವರು ಪ್ರಕಟಿಸಿದ ಒಂದು ಸರಳ ಉಪಾಯವಿದೆ. ಇಂದು ಅದನ್ನು ಟು-ಆಪ್ಟ್ ಎನ್ನುತ್ತಾರೆ. ಸಿದ್ಧವಾದ ಪಟ್ಟಿಯಲ್ಲಿ ಎರಡು ಕೊಂಡಿಗಳನ್ನು ಕತ್ತರಿಸಿ, ನಡುವಿನ ತುಂಡನ್ನು ತಿರುವು ಹಾಕಿ ಮತ್ತೆ ಜೋಡಿಸಿ. ದೂರ ಕಡಿಮೆಯಾದರೆ ಇಟ್ಟುಕೊಳ್ಳಿ, ಇಲ್ಲವಾದರೆ ಬಿಟ್ಟು ಬೇರೆ ಎರಡು ಕೊಂಡಿ ನೋಡಿ. ನನ್ನ ಪಟ್ಟಿಯಲ್ಲಿ ಶಾಂತಿನಿಕೇತನದಿಂದ ನವನಗರದ ಆಚೆಗೆ ಹೋಗುವ 3 ಕಿ.ಮೀ. ಮತ್ತು ವಿದ್ಯಾನಗರದಿಂದ ವಿದ್ಯಾಗಿರಿಗೆ ಹೋಗುವ 15 ಕಿ.ಮೀ., ಒಟ್ಟು 18 ಕಿ.ಮೀ. ಕತ್ತರಿಸೋಣ. ನಡುವಿನ ಎರಡು ಮನೆಗಳನ್ನು ತಿರುವು ಹಾಕಿದರೆ ಶಾಂತಿನಿಕೇತನದಿಂದ ವಿದ್ಯಾನಗರ 4, ನವನಗರದ ಆಚಿನಿಂದ ವಿದ್ಯಾಗಿರಿ 8, ಒಟ್ಟು 12. ಒಂದೇ ತಿರುವಿಗೆ 36 ಹೋಗಿ 30 ಆಯಿತು. ಇದನ್ನು ಚೀಟಿಯ ಹಿಂದೆ ಪೆನ್ನಿನಲ್ಲೂ ಮಾಡಬಹುದು.

ಪಟ್ಟಿ ಕೆಟ್ಟಿದೆ ಎಂದು ಲೆಕ್ಕವಿಲ್ಲದೆಯೂ ಗೊತ್ತಾಗುತ್ತದೆ. ಹೊರಟ ಜಾಗವನ್ನೇ ನಡುವೆ ಮತ್ತೆ ದಾಟುತ್ತಿದ್ದರೆ ಅನುಮಾನ ಪಡಿ. ಪಟ್ಟಿಯ ಕೊನೆಯ ಒಂದೆರಡು ಓಟಗಳು ಉಳಿದೆಲ್ಲಕ್ಕಿಂತ ಉದ್ದವಿದ್ದರೆ ಅನುಮಾನ ಪಡಿ. ನಕ್ಷೆಯಲ್ಲಿ ನಿಮ್ಮ ದಾರಿಯ ಗೆರೆ ತನ್ನನ್ನೇ ಕತ್ತರಿಸಿದ್ದರೆ, ಸಾಮಾನ್ಯವಾಗಿ ಅಲ್ಲೇ ಒಂದು ತಿರುವು ಹಾಕಬಹುದು.

ಈ ಉಪಾಯ ಕಲಿತ ಉತ್ಸಾಹದಲ್ಲಿ ಮರುದಿನ ನನ್ನದೇ ಪಟ್ಟಿ ಬರೆದುಕೊಂಡು ಹೋದೆ. ಹಿರಿಯ ರೈಡರ್ ಅದನ್ನು ನೋಡಿ, "ಲೆಕ್ಕ ಚೊಲೋ ಐತಿ ತಮ್ಮಾ, ಆದ್ರ ನಡಬರಕ ಚಿಗರಿ ಓಡತೈತಿ ಅನ್ನೋದು ಮರತಿ" ಎಂದರು.

ಅವರ ಮಾತು ನೂರಕ್ಕೆ ನೂರು ಸರಿ. 2018ರಿಂದ ನಮ್ಮ ರಸ್ತೆಯ ನಡುವೆ ಚಿಗರಿ ಬಸ್ಸುಗಳಿಗೆಂದೇ ಪ್ರತ್ಯೇಕ ಪಥವಿದೆ, ಅದರ ಎರಡೂ ಬದಿ ಬೇಲಿ ಇದೆ. ಎದುರಿನ ಅಂಗಡಿ ಕಣ್ಣಿಗೆ ಕಾಣುತ್ತದೆ, ಗಾಡಿಗೆ ಸಿಗುವುದಿಲ್ಲ. ಒಂದು ಉದಾಹರಣೆ ಮಾಡೋಣ. ಹುಬ್ಬಳ್ಳಿ ಕಡೆಗೆ ಹೋಗುವಾಗ ಎಡಗಡೆ 2ನೇ ಕಿ.ಮೀ.ನಲ್ಲಿ ಒಂದು ಮನೆ, ಅದರ ನೇರ ಎದುರಿಗೆ ಆಚೆ ಬದಿಯಲ್ಲಿ ಒಂದು ಅಂಗಡಿ, 3ನೇ ಕಿ.ಮೀ.ನಲ್ಲಿ ಮತ್ತೆ ಎಡಗಡೆ ಒಂದು ಮನೆ. ಗೆರೆ ಎಳೆದು ಅಳೆದರೆ ಎದುರಿನ ಅಂಗಡಿ ಐವತ್ತು ಅರವತ್ತು ಮೀಟರ್, ಆದ್ದರಿಂದ ಅದೇ ಮುಂದಿನದು. ಆದರೆ ತಿರುಗಲು ಜಾಗವಿರುವುದು 600 ಮೀಟರ್ ಮುಂದೆ ಎಂದುಕೊಳ್ಳಿ. ಹೋಗಿ ತಿರುಗಿ ಬಂದರೆ 1.2 ಕಿ.ಮೀ. ಅಲ್ಲಿಂದ ಮೂರನೇ ಮನೆಗೆ ಹೋಗಲು ಇನ್ನೂ 400 ಮೀಟರ್ ಹಿಂದಿನ ತಿರುವಿಗೆ ಹೋಗಿ, ಮತ್ತೆ 1.4 ಕಿ.ಮೀ. ಮುಂದೆ ಬರಬೇಕು. ಮೊದಲ ಮನೆಯಿಂದ ಮೂರನೆಯದಕ್ಕೆ ಒಟ್ಟು 3 ಕಿ.ಮೀ. ಅಂಗಡಿಯನ್ನು ಬಿಟ್ಟು ನೇರ ಹೋಗಿದ್ದರೆ 1 ಕಿ.ಮೀ. ಮಾತ್ರ. ಅಂಗಡಿ ಹೇಗೂ ಮರಳುವ ದಾರಿಯ ಎಡಕ್ಕೇ ಸಿಗುತ್ತದೆ.

ಅಂದರೆ ನಿಯಮ ಎಡವಿದ್ದು ಎರಡು ಸಲ. ಒಮ್ಮೆ, ಹತ್ತಿರದ್ದನ್ನು ಮೊದಲು ಆರಿಸಿದ್ದಕ್ಕೆ. ಇನ್ನೊಮ್ಮೆ, ಹತ್ತಿರ ಎಂದರೆ ಏನೆಂದೇ ತಪ್ಪು ತಿಳಿದಿದ್ದಕ್ಕೆ. ನಾನು ಹೇಳಿದ ತಿರುವಿನ ಉಪಾಯಕ್ಕೂ ಇಲ್ಲಿ ಎಚ್ಚರ ಬೇಕು. ನಡುವಿನ ತುಂಡನ್ನು ತಿರುವು ಹಾಕಿದರೆ ಅದರ ಒಳಗಿನ ದೂರ ಬದಲಾಗದು ಎಂದು ಅದು ನಂಬುತ್ತದೆ. ಈ ರಸ್ತೆಯಲ್ಲಿ ಹೋಗುವ ದೂರವೇ ಬೇರೆ, ಬರುವ ದೂರವೇ ಬೇರೆ. ಹಾಗಾಗಿ ತಿರುವು ಹಾಕಿದ ಮೇಲೆ ಒಳಗಿನ ಓಟಗಳನ್ನೂ ಮತ್ತೆ ಅಳೆಯಬೇಕು. ಹಿರಿಯರು ಇದನ್ನೆಲ್ಲ ಒಂದೇ ಸೂತ್ರದಲ್ಲಿ ಇಟ್ಟುಕೊಂಡಿದ್ದರು: ಹೋಗುವಾಗ ಈ ಬದಿ, ಬರುವಾಗ ಆ ಬದಿ.

ಗೋದಾಮಿನವರ ಪರವಾಗಿಯೂ ಒಂದು ಮಾತಿದೆ. ಊಟ ತಲುಪಿಸುವಂಥ ಕೆಲಸದಲ್ಲಿ ಆರ್ಡರ್‌ಗಳು ದಾರಿಯಲ್ಲೇ ಬರುತ್ತಿರುತ್ತವೆ, ಪೂರ್ತಿ ಪಟ್ಟಿ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಅಲ್ಲಿ ಹತ್ತಿರದ್ದು ಮೊದಲು ಎಂಬುದಕ್ಕೆ ಅರ್ಥವಿದೆ. ಐದು ಗಂಟೆಗೆ ಮುಚ್ಚುವ ಕಚೇರಿಗೆ ಕೊಡುವ ಪಾರ್ಸೆಲ್ ಇದ್ದರೆ ಚಿಕ್ಕ ದಾರಿಗಿಂತ ಗಡಿಯಾರ ದೊಡ್ಡದು. ಆದರೆ ಪಾರ್ಸೆಲ್ ಕೆಲಸದಲ್ಲಿ ಪಟ್ಟಿ ಬೆಳಿಗ್ಗೆಯೇ ಸಿದ್ಧವಿರುತ್ತದೆ. ಅಲ್ಲಿ ಈ ನೆಪ ನಡೆಯುವುದಿಲ್ಲ.

ಅಷ್ಟಾದರೂ ಪಟ್ಟಿ ಸರಿಯಾಗದಿರಲು ಕಾರಣ ಗಣಿತವಲ್ಲ ಎನ್ನುವುದು ನನ್ನ ಅನಿಸಿಕೆ. ತಪ್ಪಿನ ಬೆಲೆ ತಪ್ಪು ಮಾಡಿದವರ ಜೇಬಿಗೆ ತಟ್ಟುತ್ತಿಲ್ಲ. ನನ್ನ ಹಳೆಯ ಗಾಡಿ ಲೀಟರಿಗೆ 45 ಕಿ.ಮೀ. ಕೊಡುತ್ತದೆ, ಪೆಟ್ರೋಲ್ ನೂರು ರೂಪಾಯಿ ದಾಟಿದೆ. ದಿನಕ್ಕೆ 6 ಕಿ.ಮೀ. ವ್ಯರ್ಥವಾದರೆ 26 ದಿನಕ್ಕೆ 156 ಕಿ.ಮೀ., ಸುಮಾರು 350 ರೂಪಾಯಿ. ಪ್ರತಿದಿನವೂ ಅಷ್ಟೇ ಹೋಗುವುದಿಲ್ಲ, ಕೆಲವು ದಿನ ಪಟ್ಟಿ ಸರಿಯೇ ಇರುತ್ತದೆ. ಆದರೆ ಹೋದಷ್ಟೂ ರೈಡರ್‌ನದ್ದೇ. ಪಾರ್ಸೆಲ್‌ಗೆ ಇಷ್ಟು ಎಂದು ಕೊಡುವವರಿಗೆ 30 ಆದರೂ ಒಂದೇ, 36 ಆದರೂ ಒಂದೇ.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಂದ ಕಾಯ್ದೆಯಲ್ಲಿ, ಕೆಲಸವನ್ನು ನಿಯಂತ್ರಿಸುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆ ಕಾರ್ಮಿಕರಿಗೆ ತಿಳಿಸಬೇಕು ಎಂಬ ಅಂಶವೂ ಇದೆ. ಅದರ ಜೊತೆ ನಾನು ಕೇಳುವುದು ಎರಡೇ. ಪೂರ್ತಿ ಪಟ್ಟಿಯನ್ನು ಬೆಳಿಗ್ಗೆಯೇ ತೋರಿಸಿ, ಕ್ರಮ ಬದಲಿಸಲು ರೈಡರ್‌ಗೆ ಬಿಡಿ. ದುಡ್ಡನ್ನು ಪಾರ್ಸೆಲ್‌ಗೆ ಮಾತ್ರವಲ್ಲ, ಮೊಬೈಲ್ ಹೇಳಿ ಓಡಿಸಿದ ಕಿಲೋಮೀಟರಿಗೂ ಕೊಡಿ. ಎರಡನೆಯದು ಜಾರಿಯಾದರೆ ಮೊದಲನೆಯದನ್ನು ಕೇಳುವ ಅಗತ್ಯವೇ ಬೀಳದು, ಆ 6 ಕಿ.ಮೀ. ತಾನಾಗಿಯೇ ಪಟ್ಟಿಯಿಂದ ಮಾಯವಾಗುತ್ತದೆ.

ಮುಂದಿನ ರಜೆಗೂ ಅದೇ ಗೋದಾಮಿಗೆ ಹೋಗುವವನಿದ್ದೇನೆ. ಈ ಸಲ ಚೀಲದ ಜೊತೆ ಒಂದು ಪೆನ್ನೂ ಇರುತ್ತದೆ.